ದೂರಿನಿಂದ ಭರವಸೆಗೆ: ಹದಿಮೂರನೆಯ ಕೀರ್ತನೆಯ ನಿಧಾನ ಪ್ರಾರ್ಥನೆ

ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟಾದರೂ ಪ್ರಲಾಪಗಳು. ಸ್ತುತಿಗೀತೆಗಳ ಸಂಗ್ರಹವೆಂದು ಹೆಸರಾದ ಗ್ರಂಥದಲ್ಲಿ ಅಳಲಿಗೆ ಇಷ್ಟು ಜಾಗ ಸಿಕ್ಕಿರುವುದು ಮೊದಲ ಸಲ ಓದುವವರಿಗೆ ಅಚ್ಚರಿ ಹುಟ್ಟಿಸುತ್ತದೆ. ಇವುಗಳನ್ನು ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿ ಅವುಗಳ ಕಟ್ಟನ್ನು ವಿವರಿಸಿದವರಲ್ಲಿ ಜರ್ಮನಿಯ ಹೆರ್ಮಾನ್ ಗುಂಕೆಲ್ (1862–1932) ಮುಖ್ಯನು. ಅವನ ವಿವರಣೆಯ ಸಾರ ಇಷ್ಟು: ಪ್ರಲಾಪ ಕೀರ್ತನೆ ದೇವರನ್ನು ಕರೆಯುತ್ತದೆ, ತನ್ನ ಸಂಕಟವನ್ನು ದೂರುತ್ತದೆ, ಇಂಥದ್ದು ಆಗಲಿ ಎಂದು ಮೊರೆಯಿಡುತ್ತದೆ, ಬಳಿಕ ಬಹುಪಾಲು ಸಂದರ್ಭಗಳಲ್ಲಿ ಭರವಸೆಯ ಮಾತಿಗೋ ಸ್ತುತಿಯ ಹರಕೆಗೋ ಹೊರಳುತ್ತದೆ. ಎಲ್ಲ ಭಾಗಗಳೂ ಎಲ್ಲ ಕೀರ್ತನೆಗಳಲ್ಲಿ ಇರುವುದಿಲ್ಲ. ಇದೇ ಕ್ರಮದಲ್ಲಿ ಇರಬೇಕೆಂದೂ ಇಲ್ಲ. ನಲವತ್ತನೆಯ ಕೀರ್ತನೆ ಕೃತಜ್ಞತೆಯಿಂದ ಆರಂಭವಾಗಿ ಮೊರೆಯಲ್ಲಿ ಮುಗಿಯುತ್ತದೆ. ಆದರೂ ದೂರಿನಿಂದ ಭರವಸೆಗೆ ಸಾಗುವ ನಡೆಯೇ ಹೆಚ್ಚಾಗಿ ಕಾಣುವಂಥದ್ದು. ಆ ನಡೆ ಅತಿ ಚಿಕ್ಕ ಜಾಗದಲ್ಲಿ, ಅತಿ ಸ್ಪಷ್ಟವಾಗಿ ಕಾಣುವುದು ಹದಿಮೂರನೆಯ ಕೀರ್ತನೆಯಲ್ಲಿ.

ಈ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲೆರಡು ದೂರು, ನಡುವಿನೆರಡು ಮೊರೆ, ಕೊನೆಯೆರಡು ಭರವಸೆ. ದೂರಿಗೆ ಐದು ಸಾಲು ಬೇಕಾಗಿದೆ, ಮೊರೆಗೆ ನಾಲ್ಕು ಸಾಕಾಗಿದೆ. ಕೊನೆಯ ಭಾಗವನ್ನು ಮೂರು ಸಾಲಾಗಿಯೋ ನಾಲ್ಕು ಗಿಡ್ಡ ಸಾಲಾಗಿಯೋ ಒಡೆಯಬಹುದು. ಅಂದರೆ ಕೀರ್ತನೆ ಮುಂದುವರಿದಂತೆ ಮಾತು ಕಡಿಮೆಯಾಗುತ್ತ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ವ್ಯಾಖ್ಯಾನಕಾರ ಫ್ರಾಂಟ್ಸ್ ಡೆಲಿಟ್ಜ್ ಇದನ್ನು ಗಮನಿಸಿ, ಇದರ ಅಲೆಗಳು ಬರಬರುತ್ತ ಚಿಕ್ಕದಾಗುತ್ತವೆ ಎಂಬರ್ಥದ ಮಾತು ಬರೆದಿದ್ದಾನೆ. ಶಿರೋಲೇಖದಲ್ಲಿ ದಾವೀದನ ಹೆಸರಿದೆ, ಪ್ರಧಾನ ಗಾಯಕನಿಗೆ ಒಪ್ಪಿಸಿದ್ದೆಂಬ ಸೂಚನೆಯಿದೆ. ಒಬ್ಬನೇ ಒಬ್ಬನ ನಿದ್ರೆಗೆಟ್ಟ ಗೋಳಿನಂತೆ ಕೇಳಿಸುವ ಈ ಮಾತುಗಳು ಸಭೆಯ ಹಾಡುಗಾರಿಕೆಗೆ ಸೇರಿದ್ದವು ಎಂಬುದು ಇದರಿಂದ ತಿಳಿಯುತ್ತದೆ. ಆತಂಕದಲ್ಲಿರುವವನಿಗೆ ತನ್ನದೇ ಮಾತು ಹುಟ್ಟದಿದ್ದಾಗ ಎರವಲು ತರಬಹುದಾದ ಮಾತು ಇದು. ಮೊದಲಿಂದಲೂ ಅದರ ಬಳಕೆ ಹಾಗೆಯೇ ಇತ್ತು.

ದೂರಿನ ಭಾಗ ನಿಂತಿರುವುದು ನಾಲ್ಕು ಬಾರಿ ಬರುವ ಒಂದೇ ಪ್ರಶ್ನೆಯ ಮೇಲೆ: ಇದು ಎಷ್ಟರ ತನಕ? ಇಪ್ಪತ್ತೆರಡನೆಯ ಕೀರ್ತನೆ ಕೇಳುವುದು ‘ಯಾಕೆ’ ಎಂದು; ಅದಕ್ಕೆ ಕಾರಣ ಬೇಕು. ಇಲ್ಲಿ ಕಾರಣ ಯಾರೂ ಕೇಳುತ್ತಿಲ್ಲ, ಕೊನೆ ಯಾವಾಗ ಎಂಬುದಷ್ಟೇ ಬೇಕು. ಆತಂಕದ ಸ್ವಭಾವಕ್ಕೆ ಇದು ಹೆಚ್ಚು ಹತ್ತಿರ. ನೋವಿಗೆ ಒಂದು ಗಡುವು ಗೊತ್ತಾದರೆ ಮನಸ್ಸು ಹೇಗೋ ಹಲ್ಲು ಕಚ್ಚಿ ತಡೆದುಕೊಳ್ಳುತ್ತದೆ. ಗಡುವೇ ಇಲ್ಲದ ಕಾಯುವಿಕೆ ಅದನ್ನು ಅರೆಯುತ್ತದೆ.

ಈ ನಾಲ್ಕು ಪ್ರಶ್ನೆಗಳು ಮೂರು ದಿಕ್ಕಿಗೆ ಹೊರಳುತ್ತವೆ. ಮೊದಲೆರಡು ದೇವರತ್ತ: ನೀನು ನನ್ನನ್ನು ಮರೆತೇಬಿಟ್ಟೆಯಾ, ಮುಖ ಮರೆಸಿಕೊಂಡಿದ್ದೀಯಾ ಎಂಬ ನೇರ ಆಪಾದನೆ. ಮೂರನೆಯದು ತನ್ನತ್ತ: ನನ್ನೊಳಗೆ ನಾನೇ ಆಲೋಚನೆಗಳನ್ನು ಹೊಸೆಯುತ್ತ, ಹಗಲಿಡೀ ಎದೆಯಲ್ಲಿ ದುಃಖ ಹೊತ್ತು ತಿರುಗುವುದು ಇನ್ನೆಷ್ಟು ದಿನ? ನಾಲ್ಕನೆಯದು ತನ್ನ ಮೇಲೆ ಮೆರೆಯುತ್ತಿರುವ ಶತ್ರುವಿನತ್ತ. ದೇವರು, ತಾನು, ಶತ್ರು ಎಂಬ ಈ ಮೂರು ಮುಖಗಳು ಪ್ರಲಾಪಕ್ಕೆಲ್ಲ ಸಾಮಾನ್ಯವೆಂದು ತೋರಿಸಿದವನು ಕ್ಲಾಸ್ ವೆಸ್ಟರ್‌ಮಾನ್ (1909–2000). ಅವುಗಳಲ್ಲಿ ನಡುವಿನ ಮುಖದ ಮೇಲೆ ಆತಂಕಿಗಳ ಕಣ್ಣು ನಿಲ್ಲಬೇಕು. ಒಳಗೊಳಗೇ ಸಭೆ ಸೇರಿಸಿ, ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ, ಯಾವ ತೀರ್ಮಾನಕ್ಕೂ ಬಾರದೆ ಬೆಳಗು ಮಾಡುವ ಚಾಳಿಯನ್ನು ಕೀರ್ತನಕಾರ ಅರ್ಧ ವಚನದಲ್ಲಿ ಹಿಡಿದಿದ್ದಾನೆ. ಅದನ್ನು ಪಾಪವೆಂದು ಒಪ್ಪಿಕೊಳ್ಳುವುದಿಲ್ಲ, ನಂಬಿಕೆ ಸಾಲದ್ದೆಂದು ನಾಚುವುದೂ ಇಲ್ಲ. ಅದನ್ನೂ ದೂರಿನ ಪಟ್ಟಿಗೇ ಸೇರಿಸುತ್ತಾನೆ. ಇಡೀ ಕೀರ್ತನೆಯಲ್ಲಿ ಅತ್ಯಂತ ದಿಟ್ಟ ನಡೆ ಇದೇ ಇರಬಹುದು. ತನ್ನಷ್ಟಕ್ಕೆ ಸುತ್ತುತ್ತಿದ್ದ ಆಲೋಚನೆಗೆ ಈಗ ಕೇಳುವವನೊಬ್ಬ ಸಿಕ್ಕಿದ. ಸುತ್ತು ಹಾಗೆಯೇ ಇದ್ದರೂ ಅದರ ಮುಖ ಹೊರಕ್ಕೆ ತಿರುಗಿತು.

ದೇವರನ್ನು ಹೀಗೆ ದೂರುವುದು ಕನ್ನಡದ ಕಿವಿಗೆ ಹೊಸದಲ್ಲ. ದಾಸರ ಪದಗಳಲ್ಲಿ ನಿಂದಾಸ್ತುತಿಯೆಂಬ ಬಗೆಯೇ ಇದೆ. ಆದರೆ ನಿಂದಾಸ್ತುತಿಯಲ್ಲಿ ಸಲಿಗೆಯ ಚೇಷ್ಟೆಯಿದೆ, ಬೈಗುಳದ ಅಡಿಯಲ್ಲಿ ಹೊಗಳಿಕೆ ಅಡಗಿ ಕುಳಿತಿರುತ್ತದೆ. ಹದಿಮೂರನೆಯ ಕೀರ್ತನೆಯ ಮೊದಲೆರಡು ವಚನಗಳಲ್ಲಿ ಅಂಥ ಚಮತ್ಕಾರ ಯಾವುದೂ ಇಲ್ಲ. ದೂರು ದೂರೇ.

ಮೂರನೆಯ ವಚನಕ್ಕೆ ಬಂದಾಗ ಪ್ರಶ್ನೆಗಳು ನಿಂತು ಬೇಡಿಕೆಗಳು ಶುರುವಾಗುತ್ತವೆ: ಇತ್ತ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಮುಖ ಮರೆಸಿಕೊಂಡವನಿಗೆ ನೋಡೆಂದೂ, ಮರೆತವನಿಗೆ ಉತ್ತರಿಸೆಂದೂ ಹೇಳುವುದರಿಂದ ಪ್ರತಿ ಬೇಡಿಕೆಯೂ ಹಿಂದಿನ ದೂರಿನಿಂದಲೇ ಎದ್ದು ಬಂದಂತಿದೆ. ದೂರದೆ ಇದ್ದಿದ್ದರೆ ಏನು ಬೇಡಬೇಕೆಂಬುದೂ ತಿಳಿಯುತ್ತಿರಲಿಲ್ಲ. ಮೊದಲ ವಚನದಲ್ಲಿ ಬರಿಯ ಹೆಸರಿಡಿದು ಕರೆದವನು ಇಲ್ಲಿ ‘ನನ್ನ ದೇವರೇ’ ಎಂದು ಸೇರಿಸುತ್ತಾನೆ. ಸಂಕಟ ಇಳಿದಿಲ್ಲ, ಆದರೆ ಸಂಬಂಧದ ಹಕ್ಕು ನೆನಪಾಗಿದೆ. ಬೇಡಿಕೆಗೆ ಕಾರಣಗಳನ್ನೂ ಒಡ್ಡುತ್ತಾನೆ: ಇಲ್ಲವಾದರೆ ನಾನು ಸತ್ತೇನು, ಇಲ್ಲವಾದರೆ ನಾನು ಕದಲಿದ್ದನ್ನು ನೋಡಿ ವೈರಿ ಹಿಗ್ಗಿಯಾನು. ಹೀಗೆ ದೇವರೊಡನೆ ವಾದ ಹೂಡುವುದು ಬಾಯಿಗೆ ಬಂದಂತೆ ಕೂಗುವುದಕ್ಕಿಂತ ಬೇರೆ ಕೆಲಸ. ಭಯಕ್ಕೆ ಹೆಸರು ಸಿಗುವುದು ಇಲ್ಲಿಯೇ. ಎರಡನೆಯ ವಚನದಲ್ಲಿ ಹಗಲಿಡೀ ಹರಡಿದ್ದ ಮಂಕು ದುಃಖ ನಾಲ್ಕನೆಯ ವಚನಕ್ಕೆ ಬರುವಷ್ಟರಲ್ಲಿ ಸಾವು ಮತ್ತು ಸೋಲು ಎಂಬ ಎರಡು ಸ್ಪಷ್ಟ ಭಯಗಳಾಗಿ ಬೇರ್ಪಟ್ಟಿರುತ್ತದೆ.

ಐದನೆಯ ವಚನದ ತಿರುವು ಹಠಾತ್ತನೆ ಬರುತ್ತದೆ. ‘ನಾನಾದರೋ’ ಎಂಬ ಧಾಟಿಯಲ್ಲಿ ಮಾತು ಹೊರಳಿ, ದೇವರ ಪ್ರೀತಿಯನ್ನು ತಾನು ನೆಚ್ಚಿದ್ದೇನೆ ಎನ್ನುತ್ತದೆ. ಅವನ ರಕ್ಷಣೆಯಲ್ಲಿ ಹೃದಯ ಹಿಗ್ಗುವುದು, ಅವನು ಮಾಡಿದ ಉಪಕಾರಕ್ಕಾಗಿ ಹಾಡುವೆನು ಎಂದು ಮುಗಿಯುತ್ತದೆ. ವೈರಿ ಹೋದನೇ, ಕಣ್ಣಿಗೆ ಬೆಳಕು ಬಂತೇ, ಉತ್ತರ ಸಿಕ್ಕಿತೇ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ನಾಲ್ಕನೆಯ ವಚನಕ್ಕೂ ಐದನೆಯದಕ್ಕೂ ನಡುವೆ ಏನು ನಡೆಯಿತು?

ಇದಕ್ಕೆ ಹೆಸರಾದ ಒಂದು ಉತ್ತರ ಯೋಆಕಿಮ್ ಬೆಗ್ರಿಖ್‌ನದು. ಗುಂಕೆಲ್ ಪೂರ್ತಿ ಮಾಡದೆ ಬಿಟ್ಟ ಕೀರ್ತನೆಗಳ ಪೀಠಿಕೆಯನ್ನು ಮುಗಿಸಿ 1933ರಲ್ಲಿ ಹೊರತಂದವನು ಇವನೇ. ಮರುವರ್ಷ ಪ್ರಕಟಿಸಿದ ಲೇಖನವೊಂದರಲ್ಲಿ ಇವನು ಹೀಗೆ ವಾದಿಸಿದ: ದೇವಾಲಯದಲ್ಲಿ ಭಕ್ತ ಮೊರೆಯಿಟ್ಟ ಮೇಲೆ ಯಾಜಕನು ದೇವರ ಪರವಾಗಿ ‘ಹೆದರಬೇಡ’ ಎಂಬ ಅಭಯ ನುಡಿಯುತ್ತಿದ್ದ, ಅದನ್ನು ಕೇಳಿದ ಭಕ್ತನ ಮಾತು ಭರವಸೆಗೆ ತಿರುಗುತ್ತಿತ್ತು, ಯಾಜಕನ ನುಡಿ ಬರಹದಲ್ಲಿ ಉಳಿಯದೆ ಇದ್ದುದರಿಂದ ನಮಗೆ ತಿರುವು ಮಾತ್ರ ಕಾಣುತ್ತದೆ. 1 ಸಮುವೇಲ ಗ್ರಂಥದ ಮೊದಲ ಅಧ್ಯಾಯದ ಹನ್ನಳ ಕಥೆ ಇದಕ್ಕೆ ಒಳ್ಳೆಯ ಬೆಂಬಲ. ಮಕ್ಕಳಿಲ್ಲದ ಹನ್ನಳು ಶೀಲೋವಿನ ಆಲಯದಲ್ಲಿ ಅತ್ತು ಪ್ರಾರ್ಥಿಸುತ್ತಾಳೆ, ಯಾಜಕ ಏಲಿ ಮೊದಲು ಅವಳನ್ನು ಕುಡಿದವಳೆಂದು ತಪ್ಪು ತಿಳಿದು, ಬಳಿಕ ಸಮಾಧಾನದಿಂದ ಹೋಗೆಂದು ಹರಸುತ್ತಾನೆ. ಅವಳು ಹೋಗಿ ಊಟ ಮಾಡುತ್ತಾಳೆ, ಮುಖದ ದುಗುಡ ಕಳೆಯುತ್ತದೆ. ಗರ್ಭ ನಿಂತದ್ದು ಆಮೇಲೆ. ಇಷ್ಟಾದರೂ ಬೆಗ್ರಿಖ್‌ನ ವಾದಕ್ಕೆ ಒಂದು ದೊಡ್ಡ ತೊಡಕಿದೆ. ಇಂಥ ಅಭಯವಚನ ಕೀರ್ತನೆಗಳ ಒಳಗೆ ಸಿಗುವುದು ತೀರ ವಿರಳ. ಸುತ್ತಲಿನ ಮಾತೆಲ್ಲ ಉಳಿದು ಅದೊಂದೇ ಕಳೆದುಹೋಯಿತೆಂದು ನಂಬುವುದು ಸುಲಭವಲ್ಲ. ಹಾಗಾಗಿ ಹೊರಗಿನಿಂದ ಯಾವ ದನಿಯೂ ಬರಬೇಕಾಗಿಲ್ಲ, ದೂರಿ ಬೇಡುವ ಕ್ರಿಯೆಯೇ ಪ್ರಾರ್ಥಿಸುವವನನ್ನು ಈ ಜಾಗಕ್ಕೆ ಮುಟ್ಟಿಸುತ್ತದೆ ಎಂದು ಹೇಳುವ ವ್ಯಾಖ್ಯಾನಕಾರರೂ ಇದ್ದಾರೆ. ಎರಡೂ ಪಕ್ಷಗಳು ಒಪ್ಪುವ ಸಂಗತಿಯೊಂದಿದೆ: ನಾಲ್ಕು ಮತ್ತು ಐದರ ನಡುವೆ ಒಂದು ಬಿಡುವು ಇದೆ. ನಿಧಾನವಾಗಿ ಪ್ರಾರ್ಥಿಸುವವರಿಗೆ ಇಷ್ಟು ತಿಳಿದರೆ ಸಾಕು.

ಭರವಸೆಯ ಮಾತಿನ ಕಾಲವನ್ನೂ ಗಮನಿಸಬೇಕು. ನೆಚ್ಚಿದ್ದು ಹಿಂದಿನಿಂದ ಬಂದದ್ದು, ಹಿಗ್ಗುವುದು ಮತ್ತು ಹಾಡುವುದು ಮುಂದೆ ಆಗುವಂಥದ್ದು. ಈ ಕ್ಷಣದಲ್ಲಿ ಎದೆ ಹಗುರಾಗಿದೆ ಎಂದು ಕೀರ್ತನಕಾರ ಎಲ್ಲಿಯೂ ಹೇಳಿಲ್ಲ. ಈ ಕೀರ್ತನೆಯಲ್ಲಿ ಭರವಸೆಯೆಂದರೆ ಆತಂಕ ಇಳಿದ ಸ್ಥಿತಿಯಲ್ಲ. ಆತಂಕ ಇರುವಾಗಲೇ ಯಾರನ್ನು ಆತುಕೊಂಡಿದ್ದೇನೆ ಎಂಬ ಹೇಳಿಕೆ.

ಇದನ್ನು ನಿಧಾನವಾಗಿ ಪ್ರಾರ್ಥಿಸುವ ಕ್ರಮ ಸನ್ಯಾಸಿ ಮಠಗಳಿಂದ ಬಂದದ್ದು. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಥನಾಸಿಯಸ್ ಮಾರ್ಸೆಲ್ಲಿನಸ್ ಎಂಬವನಿಗೆ ಬರೆದ ಪತ್ರದಲ್ಲಿ, ಕೀರ್ತನೆಗಳನ್ನು ಹೇಳುವವನು ಅವು ತನ್ನದೇ ಮಾತುಗಳೆಂಬಂತೆ ಹೇಳುತ್ತಾನೆ, ಅವುಗಳಲ್ಲಿ ತನ್ನ ಒಳಗನ್ನೇ ಕಾಣುತ್ತಾನೆ ಎಂಬ ವಿಚಾರವನ್ನು ವಿವರಿಸಿದ. ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿ ವಾರದಲ್ಲಿ 150 ಕೀರ್ತನೆಗಳನ್ನೂ ಹೇಳಿ ಮುಗಿಸಬೇಕೆಂದಿತು. ಹಾಗೆ ಹೇಳುವಾಗ ಮನಸ್ಸು ದನಿಯೊಡನೆ ಹೊಂದಿರಬೇಕೆಂದೂ ಎಚ್ಚರಿಸಿತು. ಎರಡು ಪಕ್ಕದಲ್ಲಿ ನಿಂತು ಕೀರ್ತನೆ ಹೇಳುವ ಸನ್ಯಾಸಿಗಳು ಪ್ರತಿ ವಚನದ ನಡುವೆ ತುಸು ನಿಲ್ಲುತ್ತಾರೆ. ಆ ಜಾಗವನ್ನು ಪುಸ್ತಕಗಳಲ್ಲಿ ನಕ್ಷತ್ರದ ಗುರುತಿನಿಂದ ತೋರಿಸುವುದುಂಟು. ಹೀಬ್ರೂ ಕವಿತೆಯ ಸಾಲು ಸಾಮಾನ್ಯವಾಗಿ ಎರಡು ತುಂಡಾಗಿದ್ದು, ಎರಡನೆಯದು ಮೊದಲನೆಯದನ್ನು ಇನ್ನೊಂದು ರೀತಿಯಲ್ಲಿ ಹೇಳುವುದರಿಂದ ಈ ನಿಲುಗಡೆ ಸಹಜವಾಗಿ ಹೊಂದುತ್ತದೆ. ಹನ್ನೆರಡನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೋ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದ. ಪ್ರಲಾಪ ಕೀರ್ತನೆಗೆ ಮೊದಲ ಮೂರು ಮೆಟ್ಟಿಲು ಧಾರಾಳ ಸಾಕು.

ಹದಿಮೂರನೆಯ ಕೀರ್ತನೆಯನ್ನು ಸುಮ್ಮನೆ ಓದಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ನಿಧಾನದ ಪ್ರಾರ್ಥನೆಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಮೊದಲು ಇಡೀ ಕೀರ್ತನೆಯನ್ನು ಒಮ್ಮೆ ಮೆಲುದನಿಯಲ್ಲಿ, ತನಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಬೇಕು. ಆತಂಕಗೊಂಡ ಮನಸ್ಸು ಕಣ್ಣೋದಿನಲ್ಲಿ ಸಾಲುಗಳನ್ನು ಹಾರಿಸಿಬಿಡುತ್ತದೆ, ನಾಲಿಗೆಗೆ ಅಷ್ಟು ಬೇಗ ಹಾರಲಾಗದು. ಎರಡನೆಯ ಸಲ ಅರ್ಧರ್ಧ ಸಾಲಿಗೆ ನಿಂತು, ಎರಡು ಮೂರು ಉಸಿರು ಹೋಗಿ ಬರುವಷ್ಟು ಹೊತ್ತು ಬಿಟ್ಟು ಮುಂದಿನ ತುಂಡಿಗೆ ಹೋಗಬೇಕು. ಉಸಿರು ನಿಧಾನವಾದಂತೆ ಎದೆಬಡಿತವೂ ಇಳಿಯುವುದು ದೇಹದ ಸಾಮಾನ್ಯ ಧರ್ಮ. ಅದು ಸಹಾಯಕವೇ ಆದರೂ ಕೀರ್ತನೆ ಹೇಳುವ ಭರವಸೆ ಅದಲ್ಲ. ಎದೆ ತಣ್ಣಗಾದ ಮಾತ್ರಕ್ಕೆ ಪ್ರಾರ್ಥನೆ ಫಲಿಸಿತೆಂದೂ, ತಣ್ಣಗಾಗದಿದ್ದರೆ ಕೆಟ್ಟಿತೆಂದೂ ತಿಳಿಯಬಾರದು. ಪ್ರತಿ ನಿಲುಗಡೆಯಲ್ಲಿ ತನ್ನ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಸೇರಿಸಬೇಕು. ಎರಡನೆಯ ವಾಕ್ಯ ಶುರುವಾಯಿತೆಂದರೆ ಒಳಗಿನ ಹಳೆಯ ಸಭೆ ಮತ್ತೆ ಸೇರಿದೆ ಎಂದು ತಿಳಿದು ಕೀರ್ತನೆಯ ಮುಂದಿನ ತುಂಡಿಗೆ ಹೋಗಬೇಕು.

ಒಂದು ಕಲ್ಪಿತ ನಿದರ್ಶನದಿಂದ ಇದನ್ನು ವಿವರಿಸಬಹುದು. ಸ್ತನದಲ್ಲಿ ಗಂಟು ಕಾಣಿಸಿ ಬಯಾಪ್ಸಿ ಮಾಡಿಸಿಕೊಂಡ ಒಬ್ಬಾಕೆ ರಿಪೋರ್ಟಿಗಾಗಿ ಕಾಯುತ್ತಿದ್ದಾಳೆ. ಇನ್ನೂ ಕೆಲವು ದಿನ ಬೇಕು. ಮನೆಯವರು ಮಲಗಿದ ಮೇಲೆ ಕೀರ್ತನೆ ತೆರೆಯುತ್ತಾಳೆ. ಮೊದಲ ಪ್ರಶ್ನೆಯ ನಿಲುಗಡೆಯಲ್ಲಿ ಅವಳ ವಾಕ್ಯ: ಇಷ್ಟು ದಿನ ಪ್ರಾರ್ಥಿಸಿದರೂ ನಿನ್ನಿಂದ ಸದ್ದಿಲ್ಲ. ಇದು ಕಟುವಾಯಿತೆಂದು ಅವಳು ಅಳಿಸಬೇಕಾಗಿಲ್ಲ, ಕೀರ್ತನೆಯ ಮಾತು ಇದಕ್ಕಿಂತ ಮೃದುವೇನಲ್ಲ. ಮೂರನೆಯ ಪ್ರಶ್ನೆಗೆ ಅವಳು ಸೇರಿಸುವುದು ರಾತ್ರಿಯ ಲೆಕ್ಕಗಳನ್ನು: ಚಿಕಿತ್ಸೆಯ ಖರ್ಚು, ಮಗಳ ಪರೀಕ್ಷೆ, ಮೊಬೈಲಿನಲ್ಲಿ ಹುಡುಕಿ ಓದಿದ್ದು. ಎಲ್ಲವನ್ನೂ ಬಿಡಿಸದೆ, ಇವನ್ನು ಸುತ್ತಿ ಸುತ್ತಿ ಸುಸ್ತಾದೆ ಎಂದಷ್ಟೇ ಹೇಳುತ್ತಾಳೆ. ಶತ್ರುವಿನ ಜಾಗಕ್ಕೆ ಬಂದಾಗ ತಡವರಿಸುತ್ತಾಳೆ. ಅವಳಿಗೆ ಕೇಡು ಬಯಸುವವರು ಯಾರೂ ಇಲ್ಲ. ಆಗ ಅಲ್ಲಿ ರೋಗವನ್ನೋ, ‘ಮುಗಿಯಿತು’ ಎಂದು ಒಳಗೆ ಪಿಸುಗುಡುವ ದನಿಯನ್ನೋ ಇಡಬಹುದು. ಕೀರ್ತನೆ ಶತ್ರುವಿನ ಗುರುತು ಹೇಳದೆ ಬಿಟ್ಟದ್ದರಿಂದ ಶತಮಾನಗಳುದ್ದಕ್ಕೂ ಓದುಗರು ಈ ಸ್ವಾತಂತ್ರ್ಯ ತೆಗೆದುಕೊಂಡಿದ್ದಾರೆ.

ಮೊರೆಯ ಭಾಗದಲ್ಲಿ ಅವಳು ಬೇಡುವುದು ನಿರ್ದಿಷ್ಟವಾಗಿರಬೇಕು. ರಿಪೋರ್ಟು ಒಳ್ಳೆಯದಾಗಿ ಬರಲಿ ಎಂಬುದು ಸಹಜವಾದ ಬೇಡಿಕೆ, ಅದನ್ನು ಮುಚ್ಚಿಡಬಾರದು. ಅದರ ಜೊತೆಗೆ ಈ ರಾತ್ರಿಗೆ ಸೇರಿದ್ದೊಂದನ್ನು ಕೇಳಬೇಕು: ನಾಲ್ಕು ತಾಸು ನಿದ್ದೆ, ಬೆಳಿಗ್ಗೆ ಗಂಡನಿಗೆ ನಿಜ ಹೇಳುವ ಧೈರ್ಯ. ಇಲ್ಲವಾದರೆ ಏನಾದೀತೆಂಬ ಭಯವನ್ನೂ ಹೆಸರಿಡಿದು ಹೇಳಬೇಕು. ನಾಲ್ಕನೆಯ ವಚನ ಮುಗಿದ ಮೇಲೆ ಉಳಿದೆಲ್ಲ ನಿಲುಗಡೆಗಳಿಗಿಂತ ಉದ್ದನೆಯ ನಿಲುಗಡೆ, ಎರಡು ಮೂರು ನಿಮಿಷ, ಏನೂ ಹೇಳದೆ. ಹನ್ನಳಿಗೆ ಏಲಿಯ ಮಾತು ಸಿಕ್ಕ ಜಾಗ ಇದು. ಇವಳಿಗೆ ಯಾವ ದನಿಯೂ ಕೇಳಿಸದಿರಬಹುದು.

ಐದನೆಯ ವಚನವನ್ನು ಅವಳು ಹಿಂದಿನ ಸಂಗತಿಯೊಂದರಿಂದ ತುಂಬಬೇಕು. ಅಪ್ಪ ತೀರಿಹೋದ ವರ್ಷ ಯಾವುದು ತನ್ನನ್ನು ಹಿಡಿದು ನಿಲ್ಲಿಸಿತು, ಯಾರು ಬಾಗಿಲಿಗೆ ಬಂದರು ಎಂಬಂಥ, ನಿಜವಾಗಿ ನಡೆದ ಒಂದು ನೆನಪು ಸಾಕು. ಎಪ್ಪತ್ತೇಳನೆಯ ಕೀರ್ತನೆ ತಿರುಗುವುದೂ ನೆನಪಿನ ಬಲದಿಂದಲೇ. ಅಲ್ಲಿ ಕೀರ್ತನಕಾರ ಸಮುದ್ರ ದಾಟಿದ ಪೂರ್ವಿಕರ ಕಥೆಯನ್ನು ನೆನೆಯುತ್ತಾನೆ. ರಿಪೋರ್ಟು ಚೆನ್ನಾಗಿಯೇ ಬರುತ್ತದೆ ಎಂಬ ಖಾತರಿಯನ್ನು ಈ ವಚನದೊಳಗೆ ತುರುಕಬಾರದು. ಕೀರ್ತನೆ ಹಾಗೆ ಹೇಳಿಲ್ಲ, ಮತ್ತು ಬೇರೆ ಫಲಿತಾಂಶ ಬಂದ ದಿನ ಅಂಥ ಖಾತರಿ ಅವಳ ಪ್ರಾರ್ಥನೆಯನ್ನೇ ಮುರಿಯುತ್ತದೆ. ಆರನೆಯ ವಚನದ ಹಾಡು ಮುಂದಿನ ದಿನದ ಮಾತು. ಆ ರಾತ್ರಿಯೇ ಹಾಡಬೇಕೆಂದಿಲ್ಲ.

ಈ ಪ್ರಾರ್ಥನೆ ಕೆಡುವ ಬಗೆಗಳಲ್ಲಿ ತೀರ ಸಾಮಾನ್ಯವಾದದ್ದು ಐದನೆಯ ವಚನಕ್ಕೆ ಓಡುವುದು. ಭಕ್ತಿವಂತರೆನಿಸಿಕೊಂಡವರಲ್ಲಿ ಇದು ಹೆಚ್ಚು. ದೂರುವುದು ತಪ್ಪೆಂದು ಚಿಕ್ಕಂದಿನಿಂದ ಕಲಿತಿರುತ್ತಾರೆ. ಮೊದಲೆರಡು ವಚನಗಳಲ್ಲಿ ದನಿ ವೇಗವಾಗಿ ಓಡಿ ಕೊನೆಯೆರಡರಲ್ಲಿ ಮಾತ್ರ ಗಂಭೀರವಾಗುವುದು, ಪುಸ್ತಕ ಮುಚ್ಚಿದ ಕೂಡಲೆ ಅದೇ ಲೆಕ್ಕ ಮತ್ತೆ ಶುರುವಾಗುವುದು ಇದರ ಗುರುತು. ಅಂಥವರು ಒಂದೆರಡು ದಿನ ನಾಲ್ಕನೆಯ ವಚನದಲ್ಲೇ ನಿಲ್ಲಿಸುವುದು ಒಳ್ಳೆಯದು. ಇದರ ಎದುರು ಬದಿಯ ತಪ್ಪು ದೂರಿನಲ್ಲೇ ಸುತ್ತುವುದು. ಮಾತಿನಿಂದ ‘ನೀನು’ ಜಾರಿಹೋಗಿ ‘ದೇವರು ನನಗೆ ಹೀಗೆ ಮಾಡಿದ’ ಎಂಬ ಧಾಟಿ ಬಂದರೆ ಪ್ರಾರ್ಥನೆ ಎಲ್ಲೋ ನಿಂತು ಒಳಗಿನ ಗೊಣಗಾಟ ಮುಂದುವರಿದಿದೆ ಎಂದರ್ಥ. ಕೀರ್ತನೆಯ ಪಠ್ಯಕ್ಕೆ ಮರಳಿ, ಅದು ಎಲ್ಲಿ ನೇರವಾಗಿ ಸಂಬೋಧಿಸುತ್ತದೋ ಅಲ್ಲಿಂದ ಹಿಡಿದರೆ ದಾರಿ ಸಿಗುತ್ತದೆ. ಶತ್ರುವಿನ ಜಾಗದಲ್ಲಿ ಓರಗಿತ್ತಿಯನ್ನೋ ಮೇಲಧಿಕಾರಿಯನ್ನೋ ಕೂರಿಸಿ ಹಗೆಯನ್ನು ಬೆಳೆಸಿಕೊಳ್ಳುವುದೂ ಉಂಟು. ವಚನ ಅಲ್ಲಿ ಸೇಡನ್ನು ಬೇಡುತ್ತಿಲ್ಲ, ವೈರಿಯ ಹಿಗ್ಗಿಗೆ ತಾನು ಕಾರಣವಾಗಬಾರದೆಂದಷ್ಟೇ ಬೇಡುತ್ತಿದೆ. ಅದಕ್ಕಿಂತ ಮುಂದೆ ಹೋದದ್ದೆಲ್ಲ ಓದುಗನ ಸ್ವಂತ ಸೇರ್ಪಡೆ.

ಆತಂಕ ಕಾಯಿಲೆಯ ಮಟ್ಟಕ್ಕೆ ಏರಿದಾಗ ಕೀರ್ತನೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ವಾರಗಟ್ಟಲೆ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುವುದು, ಅಡುಗೆ ಕೆಲಸ ಯಾವುದೂ ಕೈಗೆ ಹತ್ತದಿರುವುದು ವೈದ್ಯರ ಬಳಿ ಹೋಗಬೇಕೆಂಬುದರ ಸೂಚನೆ. ಮೂರನೆಯ ವಚನದ ಸಾವಿನ ಮಾತು ಭಯವಾಗಿ ಕೇಳಿಸದೆ ಆಸೆಯಾಗಿ ಕೇಳಿಸತೊಡಗಿದರೆ ತಡಮಾಡದೆ ಯಾರಿಗಾದರೂ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಔಷಧಿ ನುಂಗಿ ಮೊದಲ ವಚನದಿಂದ ಶುರುಮಾಡುವುದಕ್ಕೆ ಕೀರ್ತನೆಯಲ್ಲಿ ಯಾವ ಅಡ್ಡಿಯೂ ಇಲ್ಲ.

ಎಷ್ಟು ನಿಧಾನಿಸಿದರೂ ಐದನೆಯ ವಚನ ಬಾಯಿಗೆ ಬಾರದ ರಾತ್ರಿಗಳಿರುತ್ತವೆ. ಕೀರ್ತನೆಗಳ ಗ್ರಂಥ ಅದನ್ನೂ ಬಲ್ಲದು. ಎಂಬತ್ತೆಂಟನೆಯ ಕೀರ್ತನೆ ದೂರಿನಿಂದ ಶುರುವಾಗಿ ದೂರಿನಲ್ಲೇ ನಿಲ್ಲುತ್ತದೆ. ಭರವಸೆಗೆ ಹೊರಳುವ ವಚನವೇ ಅದರಲ್ಲಿಲ್ಲ, ಕೊನೆಯ ಮಾತು ಕತ್ತಲೆಯದು. ಆದರೂ ಆದಿಯಿಂದ ಅಂತ್ಯದವರೆಗೆ ಅದು ದೇವರನ್ನು ‘ನೀನು’ ಎಂದೇ ಕರೆಯುತ್ತದೆ. ಹದಿಮೂರನೆಯದು ನಾಲ್ಕನೆಯ ವಚನದಾಚೆ ಸಾಗದಿದ್ದಾಗ ಎಂಬತ್ತೆಂಟನೆಯದಕ್ಕೆ ದಾಟಿಕೊಳ್ಳಬಹುದು. ಇದು ವಿಪತ್ತಿಗೆಂದು ಮೀಸಲಿಟ್ಟ ಅಪರೂಪದ ಪಾಠವೇನಲ್ಲ. ಕಥೋಲಿಕ ಸಭೆಯ ಈಗಿನ ದೈನಿಕ ಪ್ರಾರ್ಥನಾ ಕ್ರಮದಲ್ಲಿ ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಗೆ ಗೊತ್ತುಮಾಡಿರುವುದು ಇದೇ ಎಂಬತ್ತೆಂಟನೆಯ ಕೀರ್ತನೆ. ಮನಸ್ಸು ನಿರಾಳವಾಗಿರುವವರೂ ವಾರಕ್ಕೊಮ್ಮೆ ಇದನ್ನು ಹೇಳುತ್ತಾರೆ.